ಪಂಪ್ ಕಂಪನಿಗೆ ದೂರು: ಅಂಚೆಯೋ, ಕೊರಿಯರೋ, ಇಮೇಲೋ?

ಪ್ರಶ್ನೆ: «ಕುಶಾಲನಗರದಲ್ಲಿ ಕೊಂಡ ಸ್ಪ್ರಿಂಕ್ಲರ್ ಪಂಪ್ ಕಾಫಿ ಹೂವಿಗೆ ನೀರು ಕೊಡುವಾಗಲೇ ನಿಂತುಹೋಯಿತು. ವಾರಂಟಿ ಇದೆ. ಕಂಪನಿಯವರು ಫೋನಿನಲ್ಲಿ ‘ನೋಡುತ್ತೇವೆ’ ಎನ್ನುತ್ತಾರೆ, ಯಾರೂ ಬರುವುದಿಲ್ಲ. ಕೊಯಮತ್ತೂರಿನ ಕಚೇರಿಗೆ ಬರೆಯಬೇಕು. ರಿಜಿಸ್ಟರ್ಡ್ ಪೋಸ್ಟ್ ನಿಂತುಹೋಗಿದೆಯಂತೆ. ಕೊರಿಯರ್ ಸಾಕೇ, ಇಮೇಲ್ ಸಾಕೇ?»

ಅಂಚೆ ಕೌಂಟರಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಅಂಚೆ ಮತ್ತು ಇಮೇಲ್ ಎರಡನ್ನೂ ಒಂದೇ ದಿನ ಬಳಸಿ. ಕೊರಿಯರನ್ನು ಪತ್ರಕ್ಕೆ ಬಳಸಬೇಡಿ.

ರಿಜಿಸ್ಟರ್ಡ್ ಪೋಸ್ಟ್ ಪೂರ್ತಿ ನಿಂತಿಲ್ಲ, 2025ರಲ್ಲಿ ಸ್ಪೀಡ್ ಪೋಸ್ಟ್‌ನೊಳಗೆ ಸೇರಿತು. ಹಾಗಾಗಿ ಕೌಂಟರಿನಲ್ಲಿ ಬರೀ ‘ಸ್ಪೀಡ್ ಪೋಸ್ಟ್’ ಎಂದರೆ ಸಾಲದು. ‘ರಿಜಿಸ್ಟ್ರೇಷನ್ ಸೇರಿಸಿ’ ಎಂದು ಹೇಳಿ. ಐದು ರೂಪಾಯಿ ಮತ್ತು ಜಿಎಸ್‌ಟಿ ಹೆಚ್ಚಾಗುತ್ತದೆ, ಆದರೆ ಲಕೋಟೆ ವಿಳಾಸದಾರರ ಅಥವಾ ಅವರು ಅಧಿಕಾರ ಕೊಟ್ಟವರ ಕೈಗೇ ಹೋಗಬೇಕಾಗುತ್ತದೆ. ತಲುಪಿದ್ದಕ್ಕೆ ಸಹಿಯ ಪುರಾವೆ ಬೇಕೆಂದು ಅದನ್ನೂ ಪ್ರತ್ಯೇಕವಾಗಿ ಕೇಳಿ. ರಸೀದಿ ಕೈಗೆ ಬಂದೊಡನೆ ಕಂಪನಿಯ ಹೆಸರು, ಪಿನ್‌ಕೋಡ್ ಸರಿಯಿದೆಯೇ ನೋಡಿ. 1897ರ ಸಾಮಾನ್ಯ ಖಂಡಗಳ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಸರಿಯಾದ ವಿಳಾಸ ಬರೆದು ಹಣ ಕಟ್ಟಿ ರಿಜಿಸ್ಟರ್ ಮಾಡಿದ ಪತ್ರ ತಲುಪಿದೆ ಎಂದೇ ಭಾವಿಸಲಾಗುತ್ತದೆ. ಇಲ್ಲ ಎನ್ನುವವರು ಅದನ್ನು ಸಾಬೀತು ಮಾಡಬೇಕು. ವಿಳಾಸವೇ ತಪ್ಪಿದ್ದರೆ ಈ ಅನುಕೂಲ ಸಿಗುವುದಿಲ್ಲ. ಹಳೆಯ ಕಾಯ್ದೆಯ ‘ರಿಜಿಸ್ಟರ್ಡ್ ಪೋಸ್ಟ್’ ಎಂಬ ಮಾತು ಹೊಸ ಸೇವೆಗೂ ಅನ್ವಯಿಸುತ್ತದೆಯೇ ಎಂದು ನನ್ನ ಪರಿಚಯದ ವಕೀಲರಲ್ಲೇ ಎರಡು ಮಾತಿದೆ. ಇಮೇಲನ್ನೂ ಸೇರಿಸಿ ಎನ್ನುವುದಕ್ಕೆ ಅದೂ ಒಂದು ಕಾರಣ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಅಂಚೆ ರಸೀದಿ ತೋರಿಸುವುದು ಒಂದು ಲಕೋಟೆ ಹೋಯಿತು ಎಂಬುದನ್ನು ಮಾತ್ರ, ಒಳಗೆ ಏನಿತ್ತು ಎಂಬುದನ್ನಲ್ಲ. ‘ಖಾಲಿ ಕಾಗದ ಬಂದಿತ್ತು’ ಎಂದು ಅವರು ಹೇಳಿದರೆ ನಿಮ್ಮ ಬಳಿ ಉತ್ತರವಿರಬೇಕು. ಆದ್ದರಿಂದ ಮೊದಲು ಅಂಚೆ, ಆಮೇಲೆ ಇಮೇಲ್. ಪತ್ರದಲ್ಲಿ ಬಿಲ್ ಸಂಖ್ಯೆ ಮತ್ತು ದಿನಾಂಕ, ಪಂಪಿನ ತಗಡಿನ ಮೇಲಿರುವ ಸೀರಿಯಲ್ ಸಂಖ್ಯೆ, ಕೆಟ್ಟ ದಿನ, ಫೋನಿನಲ್ಲಿ ಕೊಟ್ಟ ದೂರಿನ ಸಂಖ್ಯೆ ಇರಲಿ. ದುರಸ್ತಿಯೋ ಬದಲಿ ಪಂಪೋ, ಎಷ್ಟು ದಿನದೊಳಗೆ ಎಂಬುದನ್ನೂ ಬರೆಯಿರಿ. ಸಹಿ ಹಾಕಿದ ಮೇಲೆ ಒಂದು ಪ್ರತಿ ಇಟ್ಟುಕೊಳ್ಳಿ. ಅಂಚೆಗೆ ಕೊಟ್ಟು ಬಂದು ಆ ಪ್ರತಿಯ ಮೇಲೆ ಟ್ರ್ಯಾಕಿಂಗ್ ಸಂಖ್ಯೆ ಬರೆದು, ಪ್ರತಿ ಮತ್ತು ರಸೀದಿ ಎರಡನ್ನೂ ಸ್ಕ್ಯಾನ್ ಮಾಡಿ, ವಾರಂಟಿ ಕಾರ್ಡಿನಲ್ಲಿರುವ ಇಮೇಲ್ ವಿಳಾಸಕ್ಕೆ ಕಳುಹಿಸಿ. ‘ಇದೇ ಪತ್ರವನ್ನು ಇಂದು ಈ ಸಂಖ್ಯೆಯಲ್ಲಿ ಅಂಚೆಗೆ ಹಾಕಿದ್ದೇನೆ’ ಎಂದು ಬರೆಯಿರಿ. ಲಕೋಟೆಯಲ್ಲಿ ಏನಿತ್ತೆಂಬುದಕ್ಕೆ ಆಗ ಅದೇ ದಿನದ ಆಧಾರ ಸಿಗುತ್ತದೆ. ಮಾರಿದ ಅಂಗಡಿಗೂ ಒಂದು ಪ್ರತಿ ಹೋಗಲಿ.

ಇಮೇಲನ್ನು ಸೈಬರ್ ಅಂಗಡಿಯವರ ಖಾತೆಯಿಂದ ಕಳುಹಿಸಬೇಡಿ. ನ್ಯಾಯಾಲಯದಲ್ಲಿ ಅದರ ಮುದ್ರಿತ ಪ್ರತಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಖಾತೆ ನಿಮ್ಮದಾಗಿರದಿದ್ದರೆ ಅಲ್ಲೇ ತೊಡಕು. ಕಳುಹಿಸಿದ ಮೇಲೆ ವಿಳಾಸ ಸಿಗಲಿಲ್ಲವೆಂದು ಪತ್ರ ಹಿಂದೆ ಬಂದಿದೆಯೇ ನೋಡಿ. ದೂರಿನ ಸಂಖ್ಯೆಯೊಂದಿಗೆ ತಾನಾಗಿ ಬರುವ ಉತ್ತರವನ್ನು ಅಳಿಸಬೇಡಿ, ಅದು ಅವರ ಕಡೆಯಿಂದಲೇ ಬಂದ ಸ್ವೀಕೃತಿ.

ಗೋಣಿಕೊಪ್ಪದ ಅಣ್ಣ ‘ಕೊರಿಯರ್ ಆ್ಯಪ್‌ನಲ್ಲೇ ಡೆಲಿವರ್ಡ್ ಎಂದು ತೋರಿಸುತ್ತದೆ’ ಎಂದಿದ್ದಾರೆ. ತೋರಿಸುತ್ತದೆ, ನಿಜ. ಆದರೆ ಗೇಟಿನ ಕಾವಲುಗಾರ ಪಡೆದರೂ ಹಾಗೇ ತೋರಿಸುತ್ತದೆ, ಜೊತೆಗೆ 27ನೇ ಸೆಕ್ಷನ್ ಕೊರಿಯರನ್ನು ಹೆಸರಿಸುವುದಿಲ್ಲ. ಕೆಟ್ಟ ಬಿಡಿಭಾಗ ಕಳುಹಿಸಲು ಕೊರಿಯರ್ ಬಳಸಬಹುದು; ಆಗ ಸೀರಿಯಲ್ ಸಂಖ್ಯೆಯನ್ನು ಅವರ ರಸೀದಿಯ ಮೇಲೆಯೇ ಬರೆಸಿಕೊಳ್ಳಿ.

ಅಂಚೆಯ ರಸೀದಿ ಶಾಖದ ಕಾಗದದ್ದು, ಅಕ್ಷರ ಮಾಸುತ್ತದೆ. ಬಂದ ದಿನವೇ ಜೆರಾಕ್ಸ್ ಮಾಡಿಸಿ. ಟ್ರ್ಯಾಕಿಂಗ್ ಪುಟದ ವಿವರವೂ ಹೆಚ್ಚು ಕಾಲ ಉಳಿಯುವುದಿಲ್ಲ; ತಲುಪಿತೆಂದು ತೋರಿಸಿದ ದಿನವೇ ಮುದ್ರಿಸಿಕೊಳ್ಳಿ. ಮಳೆಗಾಲದಲ್ಲಿ ಕರೆಂಟು, ನೆಟ್ ಎರಡೂ ಹೋಗುವ ನಮ್ಮಲ್ಲಿ ನಾಳೆ ನೋಡೋಣ ಎನ್ನಬೇಡಿ. ಲಕೋಟೆ ಹಿಂದೆ ಬಂದರೆ ಒಡೆಯಬೇಡಿ. ‘ರಿಫ್ಯೂಸ್ಡ್’ ಎಂದು ಬರೆದಿದ್ದರೆ ಅದು ನಿಮ್ಮ ಪರವಾದ ಪುರಾವೆ. ‘ಲೆಫ್ಟ್’ ಅಥವಾ ವಿಳಾಸ ಸಾಲದು ಎಂದಿದ್ದರೆ ಪ್ರಯೋಜನವಿಲ್ಲ, ಬಿಲ್ಲಿನಲ್ಲಿರುವ ನೋಂದಾಯಿತ ಕಚೇರಿಗೆ ಮತ್ತೆ ಕಳುಹಿಸಿ. ಉತ್ತರಕ್ಕಾಗಿ ಅನಿರ್ದಿಷ್ಟವಾಗಿ ಕಾಯಬೇಡಿ. ಗ್ರಾಹಕರ ಆಯೋಗಕ್ಕೆ ಹೋಗಲು ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಮಾತ್ರ ಅವಕಾಶ.

ಆನೆ ತೋಟ ಹಾಳುಮಾಡಿದ ಫೋಟೋವನ್ನು ಅರಣ್ಯ ಕಚೇರಿಗೆ ವಾಟ್ಸ್‌ಆ್ಯಪ್ ಮಾಡಿದ್ದೇನೆ, ಅದು ಸಾಕಲ್ಲವೇ ಎಂದ ಅಕ್ಕನಿಗೆ: ನಿಮ್ಮದು ಬೇರೆ ಸಂಗತಿ. ಕಚೇರಿ ಹತ್ತಿರವೇ ಇರುವಾಗ ಅಂಚೆಯೂ ಬೇಡ. ಅರ್ಜಿಯ ಎರಡು ಪ್ರತಿ ಒಯ್ದು, ಒಂದನ್ನು ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ದಿನಾಂಕ, ಸಹಿ, ಕಚೇರಿಯ ಮೊಹರು ಹಾಕಿಸಿಕೊಂಡೇ ಹೊರಗೆ ಬನ್ನಿ. ಕೊಡಲು ಒಪ್ಪದಿದ್ದರೆ ಮಾತ್ರ ಅಂದೇ ಅಂಚೆಗೆ ಹಾಕಿ.