ನೂರನಲವತ್ತು ಸಾಲಿನ ಬಜೆಟ್, ಒಂದು ಪುಟದ ಮಾತು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರು ತೀರ್ಥಹಳ್ಳಿ ಕಡೆಯ ಒಂದು ವಿದ್ಯಾರ್ಥಿನಿಲಯದ ಲೆಕ್ಕ ನೋಡಿಕೊಳ್ಳುವವರು. ಟ್ರಸ್ಟಿಗಳ ಸಭೆ ಹತ್ತಿರ ಬಂದರೆ ನಿದ್ದೆ ಬರಲ್ಲ ಎಂದು ನನ್ನ ಹತ್ತಿರ ಬಂದರು. ಹಿಂದಿನ ವರ್ಷ ದೇಣಿಗೆ ಕಡಿಮೆಯಾಗಿ ಸಂಬಳ ತಡವಾಗಿತ್ತು. "ನೀವು ಹೇಳಲೇ ಇಲ್ವಲ್ಲಮ್ಮ" ಎಂದರಂತೆ ಹಿರಿಯ ಟ್ರಸ್ಟಿ. "ಹಾಳೆಯಲ್ಲಿ ಇತ್ತು ಸರ್" ಎಂದು ಇವರು. ಇದ್ದದ್ದು ನಿಜ, 140 ಸಾಲುಗಳ ನಡುವೆ. ಸಭೆಯಲ್ಲಿ ಚರ್ಚೆಯಾದದ್ದು ಫಿನಾಯಿಲ್ ಖರ್ಚು.

ಬಜೆಟ್ ಜೊತೆಗೆ ಒಂದು ಪುಟ ಬರೆಯಿರಿ ಎಂದೆ. ಅವರು ತಂದ ಮೊದಲ ಕರಡಿನಲ್ಲಿ ಕೋಷ್ಟಕದ ಅಂಕಿಗಳೇ ವಾಕ್ಯಗಳಾಗಿದ್ದವು. ಯಾವುದನ್ನು ಬಿಡಬೇಕು ಅಂತ ಗೊತ್ತಾಗೋಕೆ ಒಂದು ಪರೀಕ್ಷೆ ಮಾಡಿದೆವು. ಆದಾಯ 48 ಲಕ್ಷ, ಖರ್ಚು 47.5 ಲಕ್ಷ. ಉಳಿಯುವುದು 50 ಸಾವಿರ. ಒಂದೊಂದೇ ಅಂದಾಜನ್ನು ಶೇಕಡ 10ರಷ್ಟು ಕೆಡಿಸಿ ನೋಡಿದೆವು. ಗ್ಯಾಸ್ ವರ್ಷಕ್ಕೆ 1.2 ಲಕ್ಷ, ಅದು ಏರಿದರೂ ಹೋಗೋದು 12 ಸಾವಿರ. ದೇಣಿಗೆ 22 ಲಕ್ಷ. ಅದು ಅಷ್ಟೇ ಇಳಿದರೆ 2.2 ಲಕ್ಷ ಹೋಗಿ, 1.7 ಲಕ್ಷ ಕೊರತೆ. ಹೀಗೆ ಫಲಿತಾಂಶವನ್ನೇ ತಿರುಗಿಸುವ ಅಂದಾಜುಗಳು ಮೂರೇ ಸಿಕ್ಕವು: ದೇಣಿಗೆ, ಮಕ್ಕಳ ಸಂಖ್ಯೆ, ಅಡುಗೆ ಸಾಮಾನು. ಪುಟಕ್ಕೆ ಅವು ಸಾಕು. ಪ್ರತಿಯೊಂದರ ಪಕ್ಕ ಹಿಂದಿನ ವರ್ಷ ನಿಜವಾಗಿ ಆದದ್ದನ್ನೂ ಬರೆಯಿಸಿದೆ. ದೇಣಿಗೆ ಬಂದಿದ್ದು 19 ಲಕ್ಷ. ಈ ಸಲ 22 ಯಾಕೆ ಅನ್ನೋದನ್ನು ಆಗ ಅವರೇ ವಿವರಿಸಬೇಕಾಯಿತು.

ಅಪಾಯದ ಭಾಗದಲ್ಲಿ ಕೈ ನಡುಗಿತು. "ದೇಣಿಗೆಯಲ್ಲಿ ಏರುಪೇರಾಗುವ ಸಾಧ್ಯತೆ ಇದೆ" ಎಂದಷ್ಟೇ ಬರೆದಿದ್ದರು. ಸ್ಪಷ್ಟವಾಗಿ ಬರೆದರೆ ತನ್ನದೇ ತಪ್ಪು ಒಪ್ಪಿಕೊಂಡ ಹಾಗೆ ಅನ್ನಿಸುತ್ತಿತ್ತಂತೆ. ನಿದ್ದೆ ಕೆಡಿಸಿದ್ದು ಈ ಭಯವೇ ಅಂತ ನನಗೆ ಅನ್ನಿಸಿತು. ದಾನಿಗಳ ಅಡಿಕೆಗೆ ಬರುವ ಕೊಳೆರೋಗ ನೀವು ತರೋದಲ್ಲ ಅಲ್ವಾ ಎಂದೆ. ಎಷ್ಟು ಹಣ, ಯಾವಾಗ ಗೊತ್ತಾಗುತ್ತೆ, ಆಗ ಏನು ಮಾಡ್ತೀವಿ, ಈ ಮೂರನ್ನೂ ಸೇರಿಸಿ ಮತ್ತೆ ಬರೆದರು: "ನಮ್ಮ ದಾನಿಗಳಲ್ಲಿ ಅಡಿಕೆ ಬೆಳೆಗಾರರೇ ಜಾಸ್ತಿ. ಮಳೆಗಾಲದಲ್ಲಿ ಕೊಳೆರೋಗ ಹೆಚ್ಚಾದರೆ ದೇಣಿಗೆ 2ರಿಂದ 3 ಲಕ್ಷ ಇಳಿಯಬಹುದು. ಸೆಪ್ಟೆಂಬರ್ ಹೊತ್ತಿಗೆ ಅಂದಾಜು ಸಿಗುತ್ತದೆ. ಹಾಗಾದರೆ 3 ಲಕ್ಷದ ಕಾಂಪೌಂಡ್ ಕೆಲಸ ನಿಲ್ಲಿಸುತ್ತೇವೆ. ಊಟ, ಸಂಬಳ, ಚಾವಣಿ ರಿಪೇರಿ ಮುಟ್ಟುವುದಿಲ್ಲ."

ಆದ್ಯತೆ ಅಂದರೆ ಇದೇ. ಎಲ್ಲವೂ ಮುಖ್ಯ ಎಂದು ಬರೆದರೆ ಟ್ರಸ್ಟಿಗಳಿಗೆ ಏನೂ ತಿಳಿಯಲ್ಲ. ಮೊದಲು ನಿಲ್ಲುವುದು ಯಾವುದು ಅಂತ ಹೇಳಬೇಕು.

ಇನ್ನೊಂದು ಎಚ್ಚರಿಕೆ ಕೊಟ್ಟೆ: ಪುಟವನ್ನು ಕೋಷ್ಟಕ ಅಂತಿಮವಾದ ಮೇಲೆ ಮತ್ತೊಮ್ಮೆ ತಾಳೆ ನೋಡಿ. ಒಂದು ಹಳೆ ಅಂಕಿ ಉಳಿದರೂ ಸಭೆಯ ಮಾತೆಲ್ಲ ಅದರ ಮೇಲೇ ಹೋಗುತ್ತದೆ. ಟ್ರಸ್ಟಿಗಳಿಂದ ಬೇಕಾದ ತೀರ್ಮಾನವನ್ನು ಪುಟದ ಮೊದಲ ಸಾಲಿನಲ್ಲೇ ಕೇಳಿ ಎಂದೂ ಹೇಳಿದೆ.

ಮಾರ್ಚ್ ಸಭೆ ಮುಗಿಸಿ ಫೋನ್ ಮಾಡಿದರು. ಹಿರಿಯ ಟ್ರಸ್ಟಿ ಮೊದಲು ಕೇಳಿದ್ದೇ "22 ಲಕ್ಷ ಬರುತ್ತಾ?" ಅಂತ. ಮಾತಾಡಿ 20ಕ್ಕೆ ಇಳಿಸಿದರು. ಕಾಂಪೌಂಡ್ ವಿಷಯ ಸೆಪ್ಟೆಂಬರ್ ಸಭೆಗೆ ಹೋಯಿತು.