ಕಾಫಿ ಪುಡಿಯ ಮೂರು ಸ್ಕ್ರೀನ್‌ಶಾಟ್: ಅಗ್ಗ ಯಾವುದು?

"ಮೂರು ಆ್ಯಪ್‌ಗಳಲ್ಲಿ ಫಿಲ್ಟರ್ ಕಾಫಿ ಪುಡಿ ನೋಡಿದೆ. ಒಂದರಲ್ಲಿ 200 ಗ್ರಾಂಗೆ ₹130. ಇನ್ನೊಂದರಲ್ಲಿ 500 ಗ್ರಾಂಗೆ ₹299. ಮೂರನೆಯದರಲ್ಲಿ 200 ಗ್ರಾಂಗೆ ₹160, ಎರಡು ಕೊಂಡರೆ ಒಂದು ಫ್ರೀ. ಯಾವುದು ಅಗ್ಗ?"

ಎಷ್ಟು ಪರ್ಸೆಂಟ್ ಆಫ್, ಹೊಡೆದುಹಾಕಿದ ಎಂಆರ್‌ಪಿ ಎಷ್ಟು ಅನ್ನೋದನ್ನೆಲ್ಲ ಬಿಡಿ. ಕೊಡುವ ದುಡ್ಡನ್ನು ಮನೆಗೆ ಬರುವ ಗ್ರಾಂನಿಂದ ಭಾಗಿಸಿ, 100ರಿಂದ ಗುಣಿಸಿ.

ಮೊದಲನೆಯದು 130 ÷ 200 × 100, ಅಂದರೆ 100 ಗ್ರಾಂಗೆ ₹65. ಎರಡನೆಯದು ₹59.80. ಮೂರನೆಯದಕ್ಕೆ ₹320 ಕೊಟ್ಟು 600 ಗ್ರಾಂ ತರುತ್ತೀರಿ, ₹53.33 ಬೀಳುತ್ತದೆ. ಆದರೆ ಒಂದೇ ಪ್ಯಾಕ್ ಸಾಕು ಅಂದರೆ ಅದೇ ಪುಡಿ 100 ಗ್ರಾಂಗೆ ₹80. ಇಂಥ ಆಫರ್‌ನಲ್ಲಿ ಕೆಲವು ಕಡೆ ಫ್ರೀ ಪ್ಯಾಕನ್ನೂ ನಾವೇ ಕಾರ್ಟ್‌ಗೆ ಹಾಕಬೇಕು. ಆದ್ದರಿಂದ ಪ್ರಾಡಕ್ಟ್ ಪೇಜಿನದಲ್ಲ, ಕಾರ್ಟಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಹಾಗಾದರೆ ಮೂರನೆಯದೇ ಅಗ್ಗ ಅಲ್ವಾ? ಕಾಫಿ ಪುಡಿಯಲ್ಲಿ ಅಷ್ಟು ಸುಲಭ ಅಲ್ಲ, ಚಿಕೋರಿ ಇದೆ. ಪ್ಯಾಕ್ ಮೇಲೆ ಕಾಫಿ ಎಷ್ಟು ಪರ್ಸೆಂಟ್, ಚಿಕೋರಿ ಎಷ್ಟು ಅಂತ ಹಾಕಿರಲೇಬೇಕು, ಕಾಫಿ 51 ಪರ್ಸೆಂಟ್‌ಗಿಂತ ಕಡಿಮೆ ಇರುವ ಹಾಗಿಲ್ಲ. ಆ ಫೋಟೋ ಜೂಮ್ ಮಾಡಿ ನೋಡಿ. ಉದಾಹರಣೆಗೆ ಮೊದಲೆರಡೂ 80:20, ಮೂರನೆಯದು 53:47 ಅಂದುಕೊಳ್ಳಿ. ಎರಡನೆಯದರಲ್ಲಿ ₹299ಕ್ಕೆ 400 ಗ್ರಾಂ ಕಾಫಿ ಸಿಗುತ್ತದೆ, 100 ಗ್ರಾಂ ಕಾಫಿಗೆ ಸುಮಾರು ₹75. ಮೂರನೆಯದರಲ್ಲಿ ₹320ಕ್ಕೆ ಬರೋದು 318 ಗ್ರಾಂ ಕಾಫಿ, 100 ಗ್ರಾಂಗೆ ₹100ಕ್ಕಿಂತ ತುಸು ಜಾಸ್ತಿ. ಲೆಕ್ಕ ತಲೆಕೆಳಗಾಯಿತು! ನಿಮಗೆ ಚಿಕೋರಿ ಹೆಚ್ಚಿರುವ ಗಟ್ಟಿ ಡಿಕಾಕ್ಷನ್ನೇ ಇಷ್ಟ ಅಂದರೆ ಬೇರೆ ಮಾತು. ಆಗ 53:47 ಪ್ಯಾಕುಗಳನ್ನು ಮಾತ್ರ ಒಂದಕ್ಕೊಂದು ಹೋಲಿಸಿ.

ಪ್ಯಾಕ್ ಮೇಲೆ ಗ್ರಾಂಗೆ ಇಷ್ಟು ಅಂತ ಯೂನಿಟ್ ಬೆಲೆ ಅಚ್ಚಾಗಿರುತ್ತದೆ. ಅದು ಎಂಆರ್‌ಪಿ ಮೇಲಿನ ಲೆಕ್ಕ, ಆಫರ್ ಅದರಲ್ಲಿ ಸೇರಿರುವುದಿಲ್ಲ. ಇನ್ನು ₹500ಕ್ಕೆ ₹50 ಕಡಿತದಂಥ ಕೂಪನ್ ಇದ್ದರೆ ಪೂರ್ತಿ ಕಾಫಿಯ ಮೇಲೆ ಹಾಕಬೇಡಿ, ಅದು ಇಡೀ ಕಾರ್ಟಿನದು. ₹500ರ ಸಾಮಾನಿಗೆ ಅದು 10 ಪರ್ಸೆಂಟ್, ಕಾಫಿಯ ಪಾಲಿಗೂ ಅಷ್ಟೇ. ಡೆಲಿವರಿ ಚಾರ್ಜನ್ನೂ ಹೀಗೇ ಹಂಚಿ. ಕಾಫಿ ಒಂದನ್ನೇ ತರಿಸುವುದಾದರೆ ಮಾತ್ರ ಪೂರ್ತಿ ಅದರ ತಲೆಗೇ ಕಟ್ಟಿ. ಮುಂದಿನ ಆರ್ಡರ್‌ಗೆ ಸಿಗುವ ಕ್ಯಾಶ್‌ಬ್ಯಾಕ್ ಅನ್ನು ನಾನಂತೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಪರ್ಸೆಂಟ್ ಮೇಲೆ ಹೇಳಿದಂತೆಯೇ ಇದ್ದರೆ ನಾನು 500 ಗ್ರಾಂನದನ್ನೇ ತೆಗೆದುಕೊಳ್ಳುತ್ತೇನೆ, ಮನೆಯಲ್ಲಿ ದಿನಕ್ಕೆ ಎರಡು ಹೊತ್ತು ಫಿಲ್ಟರ್ ಹಾಕುವವರಿದ್ದರೆ. ಒಬ್ಬರೇ ಇದ್ದರೆ ಒಡೆದಿಟ್ಟ ಪುಡಿಯ ಘಮ ಬೇಗ ಹೋಗುತ್ತದೆ. ಆಗ ಅದೇ ಪರ್ಸೆಂಟಿನ 200 ಗ್ರಾಂ ಪ್ಯಾಕಿಗೆ 100 ಗ್ರಾಂ ಲೆಕ್ಕದಲ್ಲಿ ಐದಾರು ರೂಪಾಯಿ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.