ಮುಚ್ಚಿಹೋದ ಕಂಪನಿಯ ಅನುಭವಕ್ಕೆ ಪುರಾವೆ ಏನು?

ಪ್ರಶ್ನೆ: ಹೊಸ ಕೆಲಸಕ್ಕೆ ಆಫರ್ ಸಿಕ್ಕಿದೆ. ವೆರಿಫಿಕೇಷನ್ ಏಜೆನ್ಸಿಯವರು ಮೇಲ್ ಕಳಿಸಿ ದಾಖಲೆಗಳನ್ನೂ ಹಿಂದಿನ ಕಂಪನಿಗಳ ಎಚ್‌ಆರ್, ಮ್ಯಾನೇಜರ್ ವಿವರಗಳನ್ನೂ ಕೇಳಿದ್ದಾರೆ. ನನ್ನ ಮೊದಲ ಕಂಪನಿ ಮುಚ್ಚಿಹೋಗಿದೆ, ಈಗಿನ ಕಂಪನಿಗೆ ಇನ್ನೂ ರಾಜೀನಾಮೆ ಕೊಟ್ಟಿಲ್ಲ. ಏನೆಂದು ಉತ್ತರಿಸಲಿ?

ಉತ್ತರ: ಮೊದಲು ನಿಮಗೆ ಆಫರ್ ಕೊಟ್ಟ ಎಚ್‌ಆರ್‌ಗೆ ಫೋನ್ ಮಾಡಿ, ಈ ಏಜೆನ್ಸಿ ಅವರದೇನಾ ಎಂದು ಕೇಳಿಕೊಳ್ಳಿ. ಗುರುತಿನ ಚೀಟಿ, ಸಂಬಳದ ಚೀಟಿ ಎಲ್ಲ ಒಟ್ಟಿಗೆ ಹೋಗುವ ಮೇಲ್ ಇದು.

ಈಗಿನ ಕಂಪನಿಯ ವಿಷಯದಲ್ಲಿ ಫಾರಂನಲ್ಲಿ ‘ಈಗಲೇ ಸಂಪರ್ಕಿಸಬಹುದೇ?’ ಎಂಬ ಕಾಲಂ ಇದ್ದರೆ ‘ಬೇಡ’ ಎಂದು ಗುರುತು ಹಾಕಿ. ಅಷ್ಟಕ್ಕೇ ಬಿಡಬೇಡಿ. ಫೋನ್ ಮಾಡುವವರು ಫಾರಂ ಪೂರ್ತಿ ನೋಡಿರದೇ ಇರಬಹುದು. ಮೇಲ್‌ನ ಮೊದಲ ಸಾಲಿನಲ್ಲೇ ‘ನಾನು ರಾಜೀನಾಮೆ ಕೊಟ್ಟು ತಿಳಿಸುವವರೆಗೆ ಈಗಿನ ಕಂಪನಿಯನ್ನು ಸಂಪರ್ಕಿಸಬೇಡಿ’ ಎಂದು ಬರೆಯಿರಿ.

ಮುಚ್ಚಿದ ಕಂಪನಿಯದ್ದೇ ನಿಜವಾದ ತೊಡಕು. ಪರಿಶೀಲಿಸುವವರಿಗೆ ಬೇಕಿರುವುದು ಕಂಪನಿಯ ಅಧಿಕೃತ ಮೇಲ್ ವಿಳಾಸದಿಂದ ಬಂದ ಉತ್ತರ. ಹಳೆಯ ಮ್ಯಾನೇಜರ್ ತಮ್ಮ ಖಾಸಗಿ ಮೇಲ್‌ನಿಂದ ಹೌದೆಂದರೂ ಅದನ್ನು ಸಾಮಾನ್ಯವಾಗಿ ಕಂಪನಿಯ ಮಾತೆಂದು ಪರಿಗಣಿಸುವುದಿಲ್ಲ. ಆಗ ವರದಿಯಲ್ಲಿ ‘ಪರಿಶೀಲಿಸಲು ಆಗಲಿಲ್ಲ’ ಎಂದು ಬರಬಹುದು. ಅದು ‘ವ್ಯತ್ಯಾಸ ಕಂಡುಬಂದಿದೆ’ ಎಂಬುದಕ್ಕಿಂತ ಬೇರೆ, ಗಾಬರಿ ಬೇಡ. ಆ ಖಾಲಿ ಜಾಗವನ್ನು ಕಾಗದಗಳಿಂದ ತುಂಬಿ: ಆಫರ್ ಲೆಟರ್, ರಿಲೀವಿಂಗ್ ಲೆಟರ್, ಕೊನೆಯ ಮೂರು ತಿಂಗಳ ಪೇಸ್ಲಿಪ್, ಅದೇ ತಿಂಗಳುಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಸ್ಟೇಟ್‌ಮೆಂಟಿನಲ್ಲಿ ನಿಮ್ಮ ಮನೆಖರ್ಚಿನ ಸಾಲುಗಳನ್ನು ಮರೆಮಾಡಬಹುದೇ ಎಂದು ಏಜೆನ್ಸಿಯನ್ನೇ ಕೇಳಿ. ನಿಮ್ಮ ಹೆಸರು, ಕಂಪನಿಯ ಹೆಸರು, ಸಂಬಳ ಜಮೆಯಾದ ದಿನಾಂಕ ಮತ್ತು ಮೊತ್ತ ಮಾತ್ರ ಕಾಣಲೇಬೇಕು. ಮ್ಯಾನೇಜರ್ ನಂಬರ್ ಕೊಡುವ ಮುನ್ನ ಅವರ ಒಪ್ಪಿಗೆ ಪಡೆದು, ನೀವು ಕೆಲಸ ಮಾಡಿದ ಅವಧಿಯನ್ನೂ ಹುದ್ದೆಯನ್ನೂ ನೆನಪಿಸಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳಲೇಬೇಕು. ಫಾರಂ ತುಂಬುವಾಗ ರೆಸ್ಯೂಮೆ ಪಕ್ಕಕ್ಕಿಟ್ಟು ರಿಲೀವಿಂಗ್ ಲೆಟರ್ ಎದುರಿಗಿಟ್ಟುಕೊಳ್ಳಿ. ರೆಸ್ಯೂಮೆಯಲ್ಲಿ ‘2021 ಮಾರ್ಚ್‌ವರೆಗೆ’ ಎಂದಿದ್ದು, ಪತ್ರದಲ್ಲಿ ಕೊನೆಯ ದಿನ ಫೆಬ್ರವರಿ 12 ಎಂದಿದ್ದರೆ, ಫಾರಂನಲ್ಲಿ ಫೆಬ್ರವರಿ 12 ಎಂದೇ ಬರೆಯಿರಿ. ಆಮೇಲೆ ಮೇಲ್‌ನಲ್ಲಿ ಹೀಗೆ ಸೇರಿಸಿ:

‘ರೆಸ್ಯೂಮೆಯಲ್ಲಿ ಮಾರ್ಚ್ ಎಂದು ತಪ್ಪಾಗಿ ಬರೆದಿದ್ದೆ. ಪತ್ರದ ಪ್ರಕಾರ ಕೊನೆಯ ದಿನ 12 ಫೆಬ್ರವರಿ 2021. ಈ ಕಂಪನಿ ಈಗ ನಡೆಯುತ್ತಿಲ್ಲ, ಆದ್ದರಿಂದ ಸಂಬಳ ಜಮೆಯಾದ ಸ್ಟೇಟ್‌ಮೆಂಟ್ ಲಗತ್ತಿಸಿದ್ದೇನೆ. ಆಗಿನ ಮ್ಯಾನೇಜರ್ ಮಾತನಾಡಲು ಒಪ್ಪಿದ್ದಾರೆ, ಅವರ ನಂಬರ್ ಕೆಳಗಿದೆ.’

ನೀವೇ ಮೊದಲು ಹೇಳಿದ ತಪ್ಪನ್ನು ಎಚ್‌ಆರ್ ಟಿಪ್ಪಣಿಯಾಗಿ ಓದುತ್ತಾರೆ. ಏಜೆನ್ಸಿ ಹುಡುಕಿ ತೆಗೆದರೆ ಅದಕ್ಕೆ ವಿವರಣೆ ಕೇಳುತ್ತಾರೆ. ಸ್ಕ್ಯಾನ್ ಮಾಡಿದ ಪತ್ರದಲ್ಲಿ ದಿನಾಂಕ ತಿದ್ದುವ ಯೋಚನೆ ಮಾತ್ರ ಎಂದೂ ಬೇಡ. ಅಲ್ಲಿಗೆ ಅದು ಬರೀ ಕೈತಪ್ಪಲ್ಲ, ಖೋಟಾ ದಾಖಲೆ. ಆಫರ್ ಹೋಗುತ್ತದೆ.

ಕಳಿಸುವ ಮುನ್ನ ಪೇಸ್ಲಿಪ್ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡಿ. ಎಷ್ಟೋ ಕಂಪನಿಗಳು ಅವುಗಳಿಗೆ ಪಾಸ್‌ವರ್ಡ್ ಹಾಕಿರುತ್ತವೆ. ಅದನ್ನು ತೆಗೆದು ಕಳಿಸದಿದ್ದರೆ ಏಜೆನ್ಸಿಯವರಿಗೆ ಫೈಲ್ ತೆರೆಯುವುದಿಲ್ಲ, ನಿಮ್ಮ ಕಡತ ಅಲ್ಲೇ ನಿಂತುಬಿಡುತ್ತದೆ.